ಸಾವಿರಾರು ಕಾಲಂಗಳ ನಡುವೆ ‘ಹತ್ತಿರ’ ಯಾಕೆ ಕಳೆದುಹೋಗುತ್ತದೆ?

ಒಂದು ಹೂವನ್ನು ಅಳೆದಿದ್ದೀರಿ. ಅದು ಯಾವ ಜಾತಿಯದು ಅಂತ ಗೊತ್ತಿಲ್ಲ. ಮೊದಲೇ ಅಳೆದು ಹೆಸರು ಬರೆದಿಟ್ಟ ಹೂಗಳ ಪಟ್ಟಿಯೊಂದು ನಿಮ್ಮ ಹತ್ತಿರ ಇದೆ. ಆ ಪಟ್ಟಿಯಲ್ಲಿ ನಿಮ್ಮ ಹೂವಿನ ಅಳತೆಗೆ ತೀರಾ ಹತ್ತಿರ ಇರುವ ಕೆಲವನ್ನು ಹುಡುಕಿ, ಅವುಗಳಲ್ಲಿ ಯಾವ ಜಾತಿ ಜಾಸ್ತಿ ಇದೆಯೋ ಅದೇ ಇದರ ಜಾತಿ ಅಂತ ಹೇಳಬಹುದು. k ನಿಯರೆಸ್ಟ್ ನೇಬರ್ಸ್ ಎಂಬ ವಿಧಾನ ಇಷ್ಟೇ. k ಅಂದರೆ ಎಷ್ಟು ನೆರೆಯವರನ್ನು ಕೇಳಬೇಕು ಎಂಬ ಸಂಖ್ಯೆ. 1951ರಲ್ಲಿ ಎವ್ಲಿನ್ ಫಿಕ್ಸ್ ಮತ್ತು ಜೋಸೆಫ್ ಹಾಜಸ್ ಅಮೆರಿಕದ ವಾಯುಪಡೆಯ ವೈದ್ಯಕೀಯ ಶಾಲೆಗೆ ಬರೆದುಕೊಟ್ಟ ವರದಿಯಲ್ಲಿ ಈ ವಿಚಾರ ಬಂತು. ಇವತ್ತು ಒಂದು ಫೋಟೋ ಕೊಟ್ಟು ಅದನ್ನು ಹೋಲುವ ಫೋಟೋಗಳನ್ನು ಹುಡುಕುವಾಗಲೂ, ಒಂದು ಪ್ರಶ್ನೆಗೆ ಹೊಂದುವ ದಾಖಲೆಯನ್ನು ಲಕ್ಷಾಂತರ ದಾಖಲೆಗಳ ನಡುವಿನಿಂದ ಹೆಕ್ಕುವಾಗಲೂ ಒಳಗೆ ನಡೆಯುವುದು ಇದೇ ಹುಡುಕಾಟ.

ಈ ವಿಧಾನ ಪೂರ್ತಿ ನಿಂತಿರುವುದು ‘ಹತ್ತಿರ’ ಎಂಬ ಒಂದೇ ಮಾತಿನ ಮೇಲೆ. ಎರಡು ಅಳತೆ ಇದ್ದಾಗ ಆ ಮಾತಿಗೆ ಸ್ಪಷ್ಟ ಅರ್ಥ ಇರುತ್ತದೆ. ಏಳು ಸಾವಿರ ಅಳತೆ ಇದ್ದಾಗ ಇರುತ್ತದಾ? ಕೆಲವು ಡೇಟಾದಲ್ಲಿ ಇರುತ್ತದೆ, ಕೆಲವದರಲ್ಲಿ ಸದ್ದಿಲ್ಲದೆ ಮಾಯವಾಗುತ್ತದೆ. ಯಾವಾಗ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು.

ಮೊದಲು ಸುಲಭದ್ದರಿಂದ ಶುರು ಮಾಡೋಣ. ಎಡ್ಗರ್ ಆ್ಯಂಡರ್ಸನ್ ಎಂಬ ಸಸ್ಯವಿಜ್ಞಾನಿ ಐರಿಸ್ ಹೂಗಳನ್ನು ಅಳೆದಿದ್ದರು. 1936ರಲ್ಲಿ ಆರ್. ಎ. ಫಿಶರ್ ಆ ಅಳತೆಗಳನ್ನು ಬಳಸಿ ಒಂದು ಪ್ರಬಂಧ ಬರೆದರು. ಮೂರು ಜಾತಿ, ಜಾತಿಗೆ 50ರಂತೆ 150 ಹೂಗಳು. ಅದರಿಂದ ಆರು ಹೂಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಅಳತೆಯೂ ಎರಡೇ ಸಾಕು: ಒಳದಳದ ಉದ್ದ ಮತ್ತು ಅಗಲ, ಸೆಂಟಿಮೀಟರ್‌ನಲ್ಲಿ. ವರ್ಸಿಕಲರ್ ಜಾತಿಯ ಮೂರು ಹೂಗಳು: 4.7 ಮತ್ತು 1.4, 4.5 ಮತ್ತು 1.5, 4.9 ಮತ್ತು 1.5. ವರ್ಜಿನಿಕಾ ಜಾತಿಯ ಮೂರು: 6.0 ಮತ್ತು 2.5, 5.1 ಮತ್ತು 1.9, 5.9 ಮತ್ತು 2.1. ಈಗ ಹೊಸದೊಂದು ಹೂ ಬಂತು ಅಂದುಕೊಳ್ಳಿ. ಉದ್ದ 5.0, ಅಗಲ 1.8.

ದೂರ ಅಳೆಯುವುದು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕದಿಂದಲೇ. ಉದ್ದದ ವ್ಯತ್ಯಾಸದ ವರ್ಗ, ಅಗಲದ ವ್ಯತ್ಯಾಸದ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯಬೇಕು. 5.1 ಮತ್ತು 1.9 ಅಳತೆಯ ವರ್ಜಿನಿಕಾ 0.14 ದೂರದಲ್ಲಿದೆ. ಅದೇ ಎಲ್ಲಕ್ಕಿಂತ ಹತ್ತಿರ. ಆಮೇಲೆ ವರ್ಸಿಕಲರ್ ಹೂಗಳು ಸಾಲಾಗಿ 0.32, 0.50, 0.58 ದೂರದಲ್ಲಿವೆ. ಉಳಿದ ಎರಡು ವರ್ಜಿನಿಕಾ 0.95 ಮತ್ತು 1.22 ದೂರದಲ್ಲಿವೆ. ಒಬ್ಬ ನೆರೆಯವನನ್ನು ಮಾತ್ರ ಕೇಳಿದರೆ ಉತ್ತರ ವರ್ಜಿನಿಕಾ. ಮೂವರನ್ನು ಕೇಳಿದರೆ ಎರಡಕ್ಕೆ ಒಂದು ಓಟಿನಿಂದ ವರ್ಸಿಕಲರ್. ಐವರನ್ನು ಕೇಳಿದರೂ ಮೂರಕ್ಕೆ ಎರಡರಿಂದ ವರ್ಸಿಕಲರ್ರೇ.

ಹೂ ಬದಲಾಗಲಿಲ್ಲ, ಪಟ್ಟಿಯೂ ಬದಲಾಗಲಿಲ್ಲ. k ಬದಲಾಯಿತು, ಉತ್ತರ ಬದಲಾಯಿತು. k ತೀರಾ ಚಿಕ್ಕದಾದರೆ ತಪ್ಪಾಗಿ ಅಳೆದ ಒಂದೇ ಒಂದು ಹೂ ನಿಮ್ಮ ದಾರಿ ತಪ್ಪಿಸಬಹುದು. ತೀರಾ ದೊಡ್ಡದಾದರೆ ದೂರದವರ ಓಟೂ ಸೇರಿ, ಪಟ್ಟಿಯಲ್ಲಿ ಯಾವ ಜಾತಿ ಜಾಸ್ತಿ ಇದೆಯೋ ಅದೇ ಗೆಲ್ಲುತ್ತದೆ. ಹಾಗಾಗಿ ಹೆಸರು ಗೊತ್ತಿರುವ ಕೆಲವು ಹೂಗಳನ್ನು ಬದಿಗಿಟ್ಟು, ಬೇರೆ ಬೇರೆ k ಹಾಕಿ ಯಾವುದು ಕಡಿಮೆ ತಪ್ಪುತ್ತದೆ ಅಂತ ನೋಡಿ ಆರಿಸುವುದು ರೂಢಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆಲ್ಲ ಇದೇ ಬುನಾದಿ. ಉದ್ದವನ್ನು ಮಿಲಿಮೀಟರ್‌ನಲ್ಲಿ, ಅಗಲವನ್ನು ಸೆಂಟಿಮೀಟರ್‌ನಲ್ಲಿ ಬರೆದಿದ್ದರೆ ಏನಾಗುತ್ತಿತ್ತು? ಮೊದಲ ಎರಡು ನೆರೆಯವರ ದೂರ 1.005 ಮತ್ತು 1.044 ಆಗುತ್ತಿತ್ತು. ಮೊದಲು ಒಂದರ ದೂರ ಇನ್ನೊಂದರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು, ಈಗ ಹೆಚ್ಚುಕಡಿಮೆ ಸಮ. ಅಗಲಕ್ಕೆ ಮಾತಾಡಲು ಅವಕಾಶವೇ ಸಿಗಲಿಲ್ಲ. ಪಟ್ಟಿಯಲ್ಲಿ ಒಂದೊಂದು ಅಳತೆಯೂ ಒಂದೊಂದು ಕಾಲಂ. ದೂರದ ಸೂತ್ರಕ್ಕೆ ಯಾವ ಕಾಲಂ ಮುಖ್ಯ, ಯಾವುದು ಅಲ್ಲ ಅಂತ ಗೊತ್ತಿರುವುದಿಲ್ಲ. ಪ್ರತಿಯೊಂದು ಕಾಲಂ ತನ್ನ ವ್ಯತ್ಯಾಸವನ್ನು ತಂದು ಮೊತ್ತಕ್ಕೆ ಸೇರಿಸುತ್ತದೆ ಅಷ್ಟೇ. ಅಳತೆಯ ಮಾನ ಸರಿಮಾಡಿದರೆ, ಅಂದರೆ ಪ್ರತಿ ಕಾಲಂನ ಏರಿಳಿತವನ್ನು ಒಂದೇ ಪ್ರಮಾಣಕ್ಕೆ ತಂದರೆ, ಈ ತೊಂದರೆ ಹೋಗುತ್ತದೆ. ಆದರೆ ಆಗ ಕೆಲಸಕ್ಕೆ ಬಾರದ ಕಾಲಂಗೂ ಕೆಲಸದ ಕಾಲಂಗೂ ಸಮಾನ ಧ್ವನಿ ಸಿಕ್ಕಂತಾಯಿತು.

ಕಾಲಂಗಳ ಸಂಖ್ಯೆಯನ್ನೇ ಆಯಾಮ ಅನ್ನುತ್ತಾರೆ. 1967ರಲ್ಲಿ ಥಾಮಸ್ ಕವರ್ ಮತ್ತು ಪೀಟರ್ ಹಾರ್ಟ್ ಒಂದು ಸುಂದರವಾದ ಫಲಿತಾಂಶ ಕೊಟ್ಟರು. ಪಟ್ಟಿ ಮಿತಿಯಿಲ್ಲದೆ ಬೆಳೆಯುತ್ತಾ ಹೋದರೆ, ಒಬ್ಬನೇ ನೆರೆಯವನನ್ನು ಕೇಳುವ ವಿಧಾನ ಮಾಡುವ ತಪ್ಪು, ಯಾರಿಂದಲೂ ಇದಕ್ಕಿಂತ ಚೆನ್ನಾಗಿ ಮಾಡಲಾಗದು ಎಂಬ ಕನಿಷ್ಠ ತಪ್ಪಿನ ಎರಡು ಪಟ್ಟನ್ನು ಮೀರುವುದಿಲ್ಲ. ಇಷ್ಟು ಸರಳ ವಿಧಾನಕ್ಕೆ ಇಂಥ ಭರವಸೆ! ಆದರೆ ‘ಮಿತಿಯಿಲ್ಲದೆ’ ಎಂಬ ಷರತ್ತನ್ನು ಬಿಟ್ಟು ಓದಬಾರದು. ಪಟ್ಟಿ ಅಷ್ಟು ದೊಡ್ಡದಾದಾಗ ಹತ್ತಿರದ ಬಿಂದು ನಿಜವಾಗಿಯೂ ಪಕ್ಕದಲ್ಲೇ ಇರುತ್ತದೆ. ಭರವಸೆ ಬರುವುದು ಅಲ್ಲಿಂದ. ಕಾಲಂಗಳು ಹೆಚ್ಚಿದಾಗ ಮೊದಲು ಮುರಿಯುವುದೂ ಅದೇ.

ಎಲ್ಲ ಅಳತೆಗಳೂ 0ಯಿಂದ 1ರೊಳಗೆ ಸಮವಾಗಿ ಹರಡಿವೆ ಅಂದುಕೊಳ್ಳಿ. ನಿಮ್ಮ ಸುತ್ತ ಒಂದು ಪೆಟ್ಟಿಗೆ ಎಳೆದು, ಡೇಟಾದ ನೂರರಲ್ಲಿ ಒಂದು ಭಾಗ ಅದರೊಳಗೆ ಬರಬೇಕು ಅನ್ನೋಣ. ಒಂದೇ ಕಾಲಂ ಇದ್ದರೆ ಆ ಕಾಲಂನ ಉದ್ದದ ನೂರರಲ್ಲಿ ಒಂದು ಭಾಗ ಸಾಕು. ಎರಡು ಕಾಲಂ ಇದ್ದರೆ ಪ್ರತಿ ಬದಿಯೂ 0.1 ಇರಬೇಕು. ಹತ್ತು ಕಾಲಂಗೆ ಬದಿ 0.63 ಆಗುತ್ತದೆ. ನೂರು ಕಾಲಂಗೆ 0.955. ನೂರು ಕಾಲಂಗಳ ಜಾಗದಲ್ಲಿ ‘ನನ್ನ ಸುತ್ತಲಿನ ಶೇ. 1 ಮಂದಿ’ ಅಂತ ಕೇಳಿದರೆ, ಪ್ರತಿ ಕಾಲಂನಲ್ಲೂ ಹೆಚ್ಚುಕಡಿಮೆ ಈ ತುದಿಯಿಂದ ಆ ತುದಿಯವರೆಗೂ ಹೋಗಬೇಕು. ಅದನ್ನು ಸುತ್ತಮುತ್ತ ಅನ್ನಲಾಗುತ್ತದಾ? ಪಟ್ಟಿಯನ್ನು ದೊಡ್ಡದು ಮಾಡಿ ಇದನ್ನು ಗೆಲ್ಲುವುದೂ ಕಷ್ಟ. ಪ್ರತಿ ಕಾಲಂ ಅನ್ನು ಹತ್ತು ತುಂಡು ಮಾಡಿದರೆ ಹತ್ತು ಕಾಲಂಗೆ 1000 ಕೋಟಿ ಖಾನೆಗಳಾಗುತ್ತವೆ. ಖಾನೆಗೆ ಒಂದೊಂದು ಬಿಂದು ಬೇಕೆಂದರೂ ಎಲ್ಲಿಂದ ತರುವುದು? 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಈ ಸಂಕಷ್ಟವನ್ನೇ ಆಯಾಮಗಳ ಶಾಪ ಅಂತ ಕರೆದರು.

ಜಾಗ ಖಾಲಿಯಾಗುವುದು ಒಂದು ಮುಖ. ದೂರಗಳು ಒಂದೇ ಆಗುತ್ತಾ ಹೋಗುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಪ್ರೋಗ್ರಾಂ ಯಾವತ್ತೂ ‘ಹತ್ತಿರದವರು ಯಾರೂ ಇಲ್ಲ’ ಅನ್ನುವುದಿಲ್ಲ. ಯಾರನ್ನೋ ಒಬ್ಬರನ್ನು ಕೊಟ್ಟೇ ಕೊಡುತ್ತದೆ.

ಮತ್ತೆ 0ಯಿಂದ 1ರೊಳಗಿನ ಸಮ ಹರವನ್ನೇ ತೆಗೆದುಕೊಳ್ಳೋಣ. ಎರಡು ಬಿಂದುಗಳನ್ನು ಸುಮ್ನೆ ಎತ್ತಿಕೊಂಡರೆ, ಒಂದು ಕಾಲಂನಲ್ಲಿ ಅವುಗಳ ವ್ಯತ್ಯಾಸದ ವರ್ಗ ಸರಾಸರಿ 1/6 ಇರುತ್ತದೆ. d ಕಾಲಂ ಇದ್ದರೆ ಮೊತ್ತ ಸರಾಸರಿ d/6. ಹಾಗಾಗಿ ದೂರ ಸರಿಸುಮಾರು √(d/6). ಕಾಲಂ ಹೆಚ್ಚಿದಂತೆ ಇದು ಬೆಳೆಯುತ್ತಲೇ ಹೋಗುತ್ತದೆ. ಈಗ ಕೇಳಬೇಕಾದ್ದು ಏರಿಳಿತದ ಬಗ್ಗೆ. ಬೇರೆ ಬೇರೆ ಜೋಡಿಗಳ ದೂರ ಈ ಸರಾಸರಿಯಿಂದ ಎಷ್ಟು ಆಚೀಚೆ ಇರುತ್ತದೆ? ಲೆಕ್ಕ ಹಾಕಿದರೆ ಆ ಏರಿಳಿತ ಸುಮಾರು 0.24 ಬರುತ್ತದೆ. ಎರಡು ಕಾಲಂ ಇದ್ದಾಗಲೂ ಸುಮಾರು ಅಷ್ಟೇ, ಹತ್ತು ಸಾವಿರ ಕಾಲಂ ಇದ್ದಾಗಲೂ ಅಷ್ಟೇ! ಎರಡು ಕಾಲಂನಲ್ಲಿ ಸರಾಸರಿ ದೂರ 0.52. ಅದರ ಎದುರು 0.24 ದೊಡ್ಡ ವ್ಯತ್ಯಾಸ. ಹತ್ತು ಸಾವಿರ ಕಾಲಂನಲ್ಲಿ ಸರಾಸರಿ ದೂರ 40.8. ಅದರ ಎದುರು 0.24 ಏನೇನೂ ಅಲ್ಲ.

ಇದು ಯಾಕೆ ಹೀಗೆ ಅಂದರೆ, ಒಂದು ಬಿಂದು ಒಂದು ಕಾಲಂನಲ್ಲಿ ನಿಮಗೆ ಹತ್ತಿರ ಇರಬಹುದು, ಮುಂದಿನದರಲ್ಲಿ ದೂರ ಇರಬಹುದು. ಕಾಲಂಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ ಈ ಅದೃಷ್ಟ, ದುರದೃಷ್ಟಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಾವಿರಾರು ಕಾಲಂ ಕೂಡಿಸಿದ ಮೇಲೆ ಎಲ್ಲರ ಮೊತ್ತವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಇದನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ನೋಡಬಹುದು:

```python
import numpy as np
rng = np.random.default_rng(0)
for d in (2, 10, 100, 1000, 10000):
    X = rng.random((1000, d))
    q = rng.random(d)
    D = np.sqrt(((X - q) ** 2).sum(axis=1))
    print(d, D.min(), D.max(), D.max() / D.min())
```

ಸಾವಿರ ಬಿಂದುಗಳು, ಒಂದು ಪ್ರಶ್ನೆಯ ಬಿಂದು. ಹತ್ತಿರದವನ ದೂರ, ದೂರದವನ ದೂರ, ಎರಡರ ಅನುಪಾತ. ಎರಡು ಕಾಲಂ ಇದ್ದಾಗ ದೂರದವನು ಹತ್ತಿರದವನಿಗಿಂತ ಹತ್ತಾರು ಪಟ್ಟು ದೂರ ಇರುತ್ತಾನೆ. ನೂರು ಕಾಲಂಗೆ ಅನುಪಾತ 1.4ರ ಆಸುಪಾಸಿಗೆ ಇಳಿಯುತ್ತದೆ. ಸಾವಿರಕ್ಕೆ ಹತ್ತಿರದವನು ಸುಮಾರು 12.2, ದೂರದವನು ಸುಮಾರು 13.6. ಹತ್ತು ಸಾವಿರಕ್ಕೆ ಸುಮಾರು 40.1 ಮತ್ತು 41.5. default_rng ಒಳಗಿನ 0 ತೆಗೆದು ಬೇರೆ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸ್ವಲ್ಪ ಬದಲಾಗಬಹುದು, ಕಥೆ ಬದಲಾಗುವುದಿಲ್ಲ. ಸಾವಿರ ಮಂದಿಯಲ್ಲಿ ಅತ್ಯಂತ ಹತ್ತಿರದವನಿಗೂ ಅತ್ಯಂತ ದೂರದವನಿಗೂ ನೂರಕ್ಕೆ ಮೂರು ನಾಲ್ಕರಷ್ಟೇ ಅಂತರ.

1999ರಲ್ಲಿ ಕೆವಿನ್ ಬೇಯರ್, ಜೋನಾಥನ್ ಗೋಲ್ಡ್‌ಸ್ಟೀನ್, ರಘು ರಾಮಕೃಷ್ಣನ್ ಮತ್ತು ಉರಿ ಶಾಫ್ಟ್ ಇದನ್ನು ಗಣಿತದಲ್ಲಿ ಖಚಿತವಾಗಿ ಹೇಳಿದರು. ದೂರದ ಏರಿಳಿತ ಅದರ ಸರಾಸರಿಯ ಎದುರು ಸೊನ್ನೆಯತ್ತ ಹೋಗುವುದಾದರೆ, ಹತ್ತಿರದವನೂ ದೂರದವನೂ ಒಂದೇ ದೂರಕ್ಕೆ ಬಂದುಬಿಡುತ್ತಾರೆ. ಸಾವಿರಾರು ಕಾಲಂ ಬೇಕಿಲ್ಲ, ಹತ್ತು ಹದಿನೈದರಲ್ಲೇ ಇದರ ಪರಿಣಾಮ ಕಾಣಬಹುದು ಅಂತಲೂ ತೋರಿಸಿದರು. ಆದರೆ ಅವರ ಮಾತಿನಲ್ಲಿ ‘ಹೋಗುವುದಾದರೆ’ ಎಂಬ ಷರತ್ತು ಇದೆ. ಡೇಟಾ ಬಿಡಿಬಿಡಿ ಗುಂಪುಗಳಾಗಿದ್ದರೆ, ಅಥವಾ ಕಾಲಂಗಳ ಹಿಂದೆ ಅಡಗಿರುವ ನಿಜವಾದ ಆಯಾಮ ಕಡಿಮೆ ಇದ್ದರೆ, ಹೀಗಾಗಬೇಕಿಲ್ಲ ಅಂತ ಅವರೇ ಬರೆದರು. ಈ ಭಾಗವನ್ನು ಬಹಳ ಜನ ಮರೆಯುತ್ತಾರೆ. ‘ಆಯಾಮ ಜಾಸ್ತಿ ಇದ್ದರೆ ನೆರೆಯವರ ವಿಧಾನ ಕೆಲಸ ಮಾಡಲ್ಲ’ ಅಂತ ಪಾಠದಲ್ಲಿ ಹೇಳಿ ಮುಗಿಸುತ್ತಾರೆ. ಅದು ಅರ್ಧ ಸತ್ಯ.

ಕೈಬರಹದ ಅಂಕಿಗಳ ಎಂನಿಸ್ಟ್ ಎಂಬ ಪ್ರಸಿದ್ಧ ಡೇಟಾ ಇದೆ. ಪ್ರತಿ ಚಿತ್ರ 28 ಅಡ್ಡ, 28 ಉದ್ದ, ಒಟ್ಟು 784 ಕಾಲಂ. ಮೇಲಿನ ಲೆಕ್ಕ ನೋಡಿದರೆ ಇಲ್ಲಿ ನೆರೆಯವರ ವಿಧಾನ ಮಣ್ಣುಪಾಲಾಗಬೇಕಿತ್ತು. ಆದರೆ ಏನೂ ಅಲಂಕಾರವಿಲ್ಲದೆ, ಮೂರೇ ನೆರೆಯವರನ್ನು ಕೇಳಿದರೂ ಅದು ನೂರಕ್ಕೆ ಸುಮಾರು 97 ಚಿತ್ರಗಳನ್ನು ಸರಿಯಾಗಿ ಗುರುತಿಸುತ್ತದೆ. ಕಾರಣ ಇಷ್ಟೇ: ಆ 784 ಕಾಲಂಗಳು ತಮ್ಮಿಷ್ಟಕ್ಕೆ ಬದಲಾಗುವುದಿಲ್ಲ. ಮೂಲೆಯ ಚುಕ್ಕಿಗಳು ಯಾವಾಗಲೂ ಖಾಲಿ. ಒಂದು ಚುಕ್ಕಿಯಲ್ಲಿ ಶಾಯಿ ಇದ್ದರೆ ಪಕ್ಕದ ಚುಕ್ಕಿಯಲ್ಲೂ ಇರುವುದೇ ಹೆಚ್ಚು. ಗೆರೆ ಎಷ್ಟು ವಾಲಿದೆ, ಎಷ್ಟು ದಪ್ಪ, ಸುತ್ತು ಎಷ್ಟು ದೊಡ್ಡದು ಎಂಬ ಕೆಲವೇ ವಿಷಯಗಳು ಎಲ್ಲ ಕಾಲಂಗಳನ್ನೂ ಒಟ್ಟಿಗೆ ಆಡಿಸುತ್ತವೆ. ಹಾಗಾಗಿ ದೂರದಲ್ಲಿ ಅರ್ಥ ಉಳಿದಿದೆ. ದೂರವನ್ನು ಹಾಳುಮಾಡುವುದು ಕಾಲಂಗಳ ಬರೀ ಎಣಿಕೆಯಲ್ಲ, ಒಂದಕ್ಕೊಂದು ಸಂಬಂಧವಿಲ್ಲದೆ, ನಮ್ಮ ಪ್ರಶ್ನೆಗೂ ಸಂಬಂಧವಿಲ್ಲದೆ ಕುಣಿಯುವ ಕಾಲಂಗಳು.

ಇದರ ತೂಕ ಗೊತ್ತಾಗಬೇಕಾದರೆ ಒಂದು ನಿಜವಾದ ಡೇಟಾ ನೋಡಬೇಕು. 1999ರಲ್ಲಿ ಟಾಡ್ ಗೋಲಬ್ ಮತ್ತು ಸಂಗಡಿಗರು ಎರಡು ಬಗೆಯ ರಕ್ತದ ಕ್ಯಾನ್ಸರ್ ಅನ್ನು ಜೀನ್‌ಗಳ ಚಟುವಟಿಕೆಯಿಂದ ಬೇರೆ ಮಾಡಬಹುದಾ ಅಂತ ನೋಡಿದರು. ಎಎಲ್‌ಎಲ್ ಮತ್ತು ಎಎಂಎಲ್ ಎಂಬ ಈ ಎರಡಕ್ಕೆ ಚಿಕಿತ್ಸೆ ಬೇರೆ ಬೇರೆ, ಹಾಗಾಗಿ ಗುರುತು ತಪ್ಪಬಾರದು. ಒಟ್ಟು 72 ಮಾದರಿಗಳು. ಕಲಿಯಲು 38, ಪರೀಕ್ಷೆಗೆ 34. ಪ್ರತಿ ಮಾದರಿಗೆ 7129 ಕಾಲಂ. ಸಾಲು ಎಪ್ಪತ್ತೆರಡು, ಕಾಲಂ ಏಳು ಸಾವಿರ. ಜೀನ್‌ಗಳ ಡೇಟಾ ಅಂದರೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಅವರು ಬಳಸಿದ್ದು ನೆರೆಯವರ ವಿಧಾನವನ್ನಲ್ಲ, ಜೀನ್‌ಗಳು ತೂಕದ ಪ್ರಕಾರ ಓಟು ಹಾಕುವ ಇನ್ನೊಂದು ವಿಧಾನವನ್ನು. ಅದಕ್ಕೂ ಅವರು ಎಲ್ಲ ಕಾಲಂ ಇಟ್ಟುಕೊಳ್ಳಲಿಲ್ಲ. 50 ಜೀನ್‌ಗಳನ್ನು ಆರಿಸಿಕೊಂಡರು.

ಯಾಕೆ ಆರಿಸಬೇಕು ಎಂಬುದನ್ನು ಒಂದು ಊಹೆಯ ಲೆಕ್ಕದಲ್ಲಿ ನೋಡೋಣ. ಪ್ರತಿ ಕಾಲಂನ ಏರಿಳಿತವನ್ನು 1ಕ್ಕೆ ತಂದಿದ್ದೇವೆ. 50 ಕಾಲಂಗಳಲ್ಲಿ ಎರಡು ಕಾಯಿಲೆಗಳ ಸರಾಸರಿಗೆ 1ರಷ್ಟು ಅಂತರ ಇದೆ, ಉಳಿದವುಗಳಲ್ಲಿ ಏನೂ ಇಲ್ಲ. ಕಾಲಂಗಳು ಒಂದಕ್ಕೊಂದು ಸಂಬಂಧವಿಲ್ಲದವು. ಒಂದೇ ಕಾಯಿಲೆಯ ಇಬ್ಬರ ನಡುವಿನ ದೂರದ ವರ್ಗ, d ಕಾಲಂಗೆ ಸರಾಸರಿ 2d. ಅದರ ಏರಿಳಿತ √(8d). ಬೇರೆ ಕಾಯಿಲೆಯವರಾದರೆ ಆ ಮೊತ್ತಕ್ಕೆ ಐವತ್ತು ಕಾಲಂಗಳಿಂದ ಒಟ್ಟು 50 ಸೇರುತ್ತದೆ. ಈ 50ರ ಬಲದಿಂದಲೇ ನಾವು ಕಾಯಿಲೆಯನ್ನು ಬೇರೆ ಮಾಡಬೇಕು.

ಎಲ್ಲ 7129 ಕಾಲಂ ಇಟ್ಟುಕೊಂಡರೆ ಏರಿಳಿತ ಸುಮಾರು 239. ನಮ್ಮ ಕೈಯಲ್ಲಿರುವ ಸುಳಿವು 50, ಅಂದರೆ ಏರಿಳಿತದ ಐದನೇ ಒಂದು ಭಾಗ. ಹತ್ತಿರದವನು ಯಾರು ಎಂಬುದನ್ನು ಬಹುತೇಕ ಈ ಏರಿಳಿತ, ಅಂದರೆ ಗದ್ದಲವೇ ತೀರ್ಮಾನಿಸುತ್ತದೆ. ಆ 50 ಕಾಲಂ ಮಾತ್ರ ಇಟ್ಟುಕೊಂಡರೆ ಏರಿಳಿತ 20, ಸುಳಿವು ಅದೇ 50. ಈಗ ಸುಳಿವು ಗದ್ದಲದ ಎರಡೂವರೆ ಪಟ್ಟು. ಒಂದೇ ಸುಳಿವು, ಒಂದೇ ರೋಗಿಗಳು, ಬರೀ ಕಾಲಂ ತೆಗೆದಿದ್ದಕ್ಕೆ ಇಷ್ಟು ವ್ಯತ್ಯಾಸ. ತಿರುಗಿಸಿಯೂ ನೋಡಿ. 7129 ಕಾಲಂಗಳಲ್ಲೂ ಬರೀ 0.5ರಷ್ಟು ಸಣ್ಣ ಅಂತರ ಇದ್ದಿದ್ದರೆ, ಒಟ್ಟು ಸುಳಿವು ಸುಮಾರು 1782 ಆಗುತ್ತಿತ್ತು, ಗದ್ದಲ ಅದೇ 239. ಆಗ ಕಾಲಂ ಜಾಸ್ತಿ ಇರುವುದೇ ಲಾಭ. ಗದ್ದಲ ಬೆಳೆಯುವುದು ಕಾಲಂ ಸಂಖ್ಯೆಯ ವರ್ಗಮೂಲದಷ್ಟು. ಹೊಸ ಕಾಲಂಗಳು ಸುಳಿವನ್ನು ಅದಕ್ಕಿಂತ ಬೇಗ ಬೆಳೆಸಿದರೆ ನೀವು ಗೆಲ್ಲುತ್ತೀರಿ, ಇಲ್ಲದಿದ್ದರೆ ಸೋಲುತ್ತೀರಿ. ನಿಜವಾದ ಜೀನ್‌ಗಳು ಒಂದಕ್ಕೊಂದು ಸಂಬಂಧ ಇಟ್ಟುಕೊಂಡಿರುತ್ತವೆ, ಹಾಗಾಗಿ ಅಲ್ಲಿ ಅಂಕಿಗಳು ಬೇರೆ ಬರುತ್ತವೆ. ಲೆಕ್ಕದ ದಾರಿ ಮಾತ್ರ ಇದೇ.

ಕಾಲಂ ಆರಿಸುವುದರಲ್ಲೇ ಒಂದು ಬಲೆ ಇದೆ. 7129 ಕಾಲಂಗಳಲ್ಲಿ ಒಂದಕ್ಕೂ ಕಾಯಿಲೆಯ ಜೊತೆ ಸಂಬಂಧವಿಲ್ಲ ಅಂದುಕೊಳ್ಳಿ. ನೂರರಲ್ಲಿ ಒಂದು ಸಲ ಮಾತ್ರ ಆಕಸ್ಮಿಕವಾಗಿ ದಾಟಬಹುದಾದ ಪರೀಕ್ಷೆಯನ್ನು ಇಟ್ಟರೂ, ಸುಮಾರು 71 ಕಾಲಂಗಳು ಸುಮ್ನೆ ಅದೃಷ್ಟದಿಂದ ಪಾಸಾಗುತ್ತವೆ. ನಮಗೆ ಬೇಕಾದ್ದು ಐವತ್ತೇ! ಈ ಐವತ್ತನ್ನು ಎಲ್ಲ ಮಾದರಿಗಳ ಉತ್ತರ ನೋಡಿ ಆರಿಸಿ, ಆಮೇಲೆ ಅವೇ ಮಾದರಿಗಳಲ್ಲಿ ಒಂದೊಂದನ್ನೇ ಬದಿಗಿಟ್ಟು ಪರೀಕ್ಷಿಸಿದರೆ ಫಲಿತಾಂಶ ಅದ್ಭುತವಾಗಿ ಬರುತ್ತದೆ. ಬದಿಗಿಟ್ಟ ಮಾದರಿಯ ಉತ್ತರ ಆರಿಸುವಾಗಲೇ ಒಳಗೆ ಸೇರಿಹೋಗಿರುತ್ತದೆ. 2002ರಲ್ಲಿ ಕ್ರಿಸ್ಟೋಫ್ ಆಂಬ್ರವಾಸ್ ಮತ್ತು ಜೆಫ್ರಿ ಮ್ಯಾಕ್‌ಲಾಕ್ಲನ್ ಜೀನ್ ಡೇಟಾಗಳಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದರು. ಇದನ್ನು ಹಿಡಿಯುವ ದಾರಿ ಸರಳವಾಗಿದೆ. ಉತ್ತರಗಳನ್ನು ಕಲಸಿ ಯಾರಿಗೋ ಯಾವುದೋ ಕಾಯಿಲೆ ಅಂತ ಬರೆದು, ಕಾಲಂ ಆರಿಸುವುದರಿಂದ ಹಿಡಿದು ಪೂರ್ತಿ ಕೆಲಸವನ್ನು ಮತ್ತೆ ಮಾಡಿ. ಆಗಲೂ ಚೆನ್ನಾದ ಫಲಿತಾಂಶ ಬಂದರೆ ಎಲ್ಲೋ ಸೋರಿಕೆ ಇದೆ. ಪ್ರತಿ ಸಲ ಒಂದು ಮಾದರಿಯನ್ನು ಬದಿಗಿಟ್ಟ ಮೇಲೆಯೇ ಕಾಲಂ ಆರಿಸಬೇಕು.

ಈಗ ದಾಖಲೆ ಮತ್ತು ಫೋಟೋ ಹುಡುಕಾಟಕ್ಕೆ ಬರೋಣ. ಅಲ್ಲಿ ಪ್ರತಿ ದಾಖಲೆಯನ್ನೂ ಕೆಲವು ನೂರು ಅಥವಾ ಸಾವಿರ ಸಂಖ್ಯೆಗಳ ವೆಕ್ಟರ್ ಮಾಡಿ ಇಡುತ್ತಾರೆ. 768 ಎಂಬುದು ಸಾಮಾನ್ಯ ಗಾತ್ರ. ‘ನಾವು ದೂರ ಅಳೆಯುವುದಿಲ್ಲ, ಕೋನ ನೋಡುತ್ತೇವೆ, ಅಂದರೆ ಕೊಸೈನ್’ ಅಂತ ಕೆಲವರು ಹೇಳುತ್ತಾರೆ. ಅದರಿಂದ ತಪ್ಪಿಸಿಕೊಂಡಂತಾಗುವುದಿಲ್ಲ. ವೆಕ್ಟರ್‌ಗಳ ಉದ್ದವನ್ನು 1ಕ್ಕೆ ತಂದರೆ ದೂರದ ವರ್ಗ 2 − 2cos θ. ಎರಡೂ ನೆರೆಯವರನ್ನು ಒಂದೇ ಕ್ರಮದಲ್ಲಿ ಕೊಡುತ್ತವೆ. 768 ಆಯಾಮದಲ್ಲಿ ದಿಕ್ಕುಗಳನ್ನು ಸುಮ್ನೆ ಎತ್ತಿಕೊಂಡರೆ ಅವುಗಳ ಕೊಸೈನ್ ಸೊನ್ನೆಯ ಸುತ್ತ 0.036ರಷ್ಟೇ ಅಲುಗಾಡುತ್ತದೆ. ಹೆಚ್ಚುಕಡಿಮೆ ಎಲ್ಲವೂ ಎಲ್ಲದಕ್ಕೂ ಲಂಬ. ಈ ಹುಡುಕಾಟ ಕೆಲಸ ಮಾಡುವುದು ವೆಕ್ಟರ್‌ಗಳು ಹಾಗೆ ಸುಮ್ನೆ ಬಿದ್ದವಲ್ಲ ಎಂಬ ಕಾರಣಕ್ಕೆ. ಒಂದೇ ಅರ್ಥದವು ಹತ್ತಿರ ಬರಲಿ ಅಂತಲೇ ಅವುಗಳನ್ನು ತರಬೇತಿಯಿಂದ ರೂಪಿಸಿರುತ್ತಾರೆ. ಅಂದಮೇಲೆ ತರಬೇತಿಯಲ್ಲಿ ಹೆಚ್ಚು ಕಾಣದ ಭಾಷೆಯ ಅಥವಾ ವಿಷಯದ ದಾಖಲೆಗಳಿಗೆ ಈ ರಕ್ಷಣೆ ಅಷ್ಟೇ ಗಟ್ಟಿಯಾಗಿ ಇದೆ ಅಂತ ನಂಬಿಕೊಂಡು ಕೂರಬಾರದು, ಪರೀಕ್ಷಿಸಬೇಕು.

ಹೇಗೆ ಪರೀಕ್ಷಿಸುವುದು? ಮೊದಲು ಕಾಲಂಗಳ ಅರ್ಧವನ್ನು ಮನಸ್ಸಿಗೆ ಬಂದಂತೆ ತೆಗೆದುಹಾಕಿ ನೆರೆಯವರನ್ನು ಮತ್ತೆ ಹುಡುಕಿ. ಅರ್ಥ ಹಲವು ಕಾಲಂಗಳಲ್ಲಿ ಹರಡಿದ್ದರೆ ಪಟ್ಟಿಯ ಹೆಚ್ಚಿನ ಹೆಸರುಗಳು ಉಳಿಯುತ್ತವೆ. ಗದ್ದಲವೇ ಆಳುತ್ತಿದ್ದರೆ ಪಟ್ಟಿ ಬಹುತೇಕ ಬದಲಾಗುತ್ತದೆ. ಇನ್ನೊಂದು, ಪ್ರತಿ ಬಿಂದು ಎಷ್ಟು ಜನರ ನೆರೆಯವರ ಪಟ್ಟಿಯಲ್ಲಿ ಬಂದಿದೆ ಅಂತ ಎಣಿಸಿ. ಪ್ರತಿಯೊಬ್ಬರಿಗೂ ಹತ್ತು ನೆರೆಯವರನ್ನು ಹುಡುಕಿದರೆ ಈ ಎಣಿಕೆಯ ಸರಾಸರಿ ಹತ್ತೇ ಇರುತ್ತದೆ. ಆಯಾಮ ಹೆಚ್ಚಿದಾಗ ಡೇಟಾದ ನಡುಮಧ್ಯಕ್ಕೆ ಸ್ವಲ್ಪ ಹತ್ತಿರ ಇರುವ ಕೆಲವು ಬಿಂದುಗಳು ನೂರಾರು ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತವೆ, ಇನ್ನು ಅನೇಕ ಬಿಂದುಗಳು ಒಂದು ಪಟ್ಟಿಯಲ್ಲೂ ಬರುವುದಿಲ್ಲ. 2010ರಲ್ಲಿ ಮಿಲೋಶ್ ರಾಡೊವಾನೊವಿಚ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಇಂಥ ಬಿಂದುಗಳಿಗೆ ಹಬ್ ಅನ್ನುತ್ತಾರೆ. ಹುಡುಕಾಟದಲ್ಲಿ ಏನು ಕೇಳಿದರೂ ಅದೇ ಒಂದೆರಡು ದಾಖಲೆ ಮೇಲೆ ಬರುತ್ತಿದ್ದರೆ, ಪ್ರಶ್ನೆಯನ್ನು ತಿದ್ದುವ ಮೊದಲು ಆ ದಾಖಲೆಯ ಎಣಿಕೆ ನೋಡಿ. ಅದು ಹಬ್ ಆಗಿದ್ದರೆ, ನೀವು ಕೇಳಿದ್ದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲದಿರಬಹುದು.